ಸಿಡಿಲು ರೂಟರಿಗೆ ಬರುವುದು ಯಾವ ದಾರಿಯಲ್ಲಿ?

ನಮ್ಮ ಕಡೆ ಇಂಟರ್ನೆಟ್ ಕೆಡುವುದಕ್ಕೂ ಮಳೆ ನಕ್ಷತ್ರಕ್ಕೂ ಸಂಬಂಧವಿದೆ. ಭರಣಿ, ಕೃತ್ತಿಕೆ ಮಳೆಯಲ್ಲಿ ನಮಗೆ ಬರುವ ಫೋನುಗಳೆಲ್ಲ ಒಂದೇ ಥರ: "ನಿನ್ನೆ ರಾತ್ರಿ ಒಂದು ಹೊಡೀತು ನೋಡಿ, ರೂಟರ್ ಹೋಯ್ತು." ಆರಿದ್ರೆ, ಪುನರ್ವಸು ಬಂದಮೇಲೆ ಮಾತು ಬದಲಾಗುತ್ತದೆ: "ಬರ್ತದೆ, ಹೋಗ್ತದೆ. ಬಿಸಿಲು ಬಿದ್ರೆ ಸರಿಯಾಗ್ತದೆ." ಹಸ್ತ, ಚಿತ್ತೆ, ಸ್ವಾತಿಯ ಹೊತ್ತಿಗೆ ಮತ್ತೆ ಮೊದಲಿನ ಮಾತೇ. ಇವು ಎರಡು ಬೇರೆ ಬೇರೆ ಕಾಯಿಲೆಗಳು. ಮದ್ದೂ ಬೇರೆ. ಆದರೆ ಊರಿನಲ್ಲಿ ಎರಡಕ್ಕೂ "ಮಳೆಗೆ ಹಾಳಾಯ್ತು" ಎಂದು ಒಂದೇ ಹೆಸರಿಟ್ಟು, ಎರಡಕ್ಕೂ ಹೊಸ ರೂಟರ್ ತರುತ್ತಾರೆ. ತಂದ ರೂಟರೂ ಹಾಗೆಯೇ ಹೋಗುತ್ತದೆ.

ನಾವು ಓದಿದ್ದು ಪತ್ರಿಕೋದ್ಯಮ, ಎಲೆಕ್ಟ್ರಾನಿಕ್ಸ್ ಅಲ್ಲ. ಆದರೆ ಹಳ್ಳಿಯಲ್ಲಿ ಕೂತು ಸುದ್ದಿ, ವಿಡಿಯೊ ಕಳಿಸುವವರಿಗೆ ರೂಟರೇ ಪೆನ್ನು. ಲೈನ್ ನೋಡುವ ಹುಡುಗ ಬರಲು ನಾಲ್ಕು ದಿನ ಬೇಕಾಗುವ ಊರುಗಳಲ್ಲಿ ಇದ್ದೂ ಇದ್ದೂ, ಎಲೆಕ್ಟ್ರಿಷಿಯನ್ ಗೆಳೆಯರನ್ನೂ ಕೇಬಲ್ ಟಿವಿ ನಡೆಸುವವರನ್ನೂ ಕೇಳಿ ಕೇಳಿ, ಸುಟ್ಟ ರೂಟರುಗಳನ್ನು ಬಿಚ್ಚಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಒಂದೇ ಮನೆಯ ಕಥೆ ಹಿಡಿದುಕೊಂಡು ಹೇಳಿದರೆ ಸುಲಭ.

ಹೊಸನಗರ ತಾಲೂಕಿನ ಒಂದು ಅಡಿಕೆ ತೋಟದ ಮನೆ. ಯಜಮಾನರನ್ನು ನಾವೆಲ್ಲ ಮಾವ ಎಂದೇ ಕರೆಯುವುದು. ಮನೆಗೆ ಫೈಬರ್ ಲೈನ್ ಇದೆ. ಸೊಸೆ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾರೆ. ಜಂಬಿಟ್ಟಿಗೆ ಗೋಡೆ ದಾಟಿ ವೈಫೈ ಅವರ ಕೋಣೆಗೆ ಸರಿಯಾಗಿ ಬರುವುದಿಲ್ಲ, ಹಾಗಾಗಿ ರೂಟರಿನಿಂದ ಹನ್ನೆರಡು ಮೀಟರ್ ಲ್ಯಾನ್ ಕೇಬಲ್ ಎಳೆದು ಲ್ಯಾಪ್‌ಟಾಪಿಗೆ ಕೊಟ್ಟಿದ್ದಾರೆ. ಇನ್ನೊಂದು ಲ್ಯಾನ್ ಕೇಬಲ್ ಅಂಗಳ ದಾಟಿ, ಸುಮಾರು ನಲವತ್ತೈದು ಮೀಟರ್ ದೂರದ ಅಡಿಕೆ ಕೊಟ್ಟಿಗೆಗೆ ಹೋಗುತ್ತದೆ. ಅಲ್ಲೊಂದು ಕ್ಯಾಮೆರಾ. ಸುಲಿದ ಅಡಿಕೆ ಕಳುವಾಗುವ ಭಯ ಎಲ್ಲರಿಗೂ ಇರುವಂಥದ್ದೇ.

ಅಕ್ಟೋಬರಿನಲ್ಲಿ ಒಂದು ರೂಟರ್ ಹೋಗಿತ್ತು. ಹೊಸದು ಹಾಕಿಸಿದರು, ಜೊತೆಗೆ ಒಳ್ಳೆಯ ಸ್ಪೈಕ್ ಬಸ್ಟರ್ ಕೂಡ. ಮೇ ತಿಂಗಳ ಒಂದು ಸಂಜೆ ತೋಟದ ಆಚೆ ಎಲ್ಲೋ ಸಿಡಿಲು ಬಡಿಯಿತು. ಮನೆಗಲ್ಲ, ಕೊಟ್ಟಿಗೆಗೂ ಅಲ್ಲ. ಫ್ಯಾನು, ಟಿವಿ, ಫ್ರಿಜ್ಜು ಎಲ್ಲ ಚೆನ್ನಾಗಿದ್ದವು. ರೂಟರಿನಲ್ಲಿ ದೀಪ ಉರಿಯುತ್ತಿತ್ತು, ಮೊಬೈಲಿಗೆ ವೈಫೈ ಕೂಡ ಬರುತ್ತಿತ್ತು. ಆದರೆ ಮರುದಿನ ಬೆಳಿಗ್ಗೆ ಸೊಸೆ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದರೆ ಇಂಟರ್ನೆಟ್ ಇಲ್ಲ. ಕ್ಯಾಮೆರಾವೂ ಇಲ್ಲ. ಎಂಟು ತಿಂಗಳಲ್ಲಿ ಎರಡನೇ ರೂಟರ್. "ಈ ಸ್ಪೈಕ್ ಬಸ್ಟರ್ ಕೊಟ್ಟವ ಮೋಸ ಮಾಡಿದ ಕಣ್ರೋ" ಅಂದರು ಮಾವ.

ಮೋಸ ಆಗಿರಲಿಲ್ಲ. ಅದನ್ನು ತಿಳಿಯಲು ರೂಟರಿನ ದೀಪಗಳನ್ನೇ ನೋಡಿದರೆ ಸಾಕಿತ್ತು.

ಫೈಬರ್ ರೂಟರಿನ ಮುಂದೆ POWER, PON, LOS, LAN ಎಂದು ಬರೆದ ಸಣ್ಣ ದೀಪಗಳಿರುತ್ತವೆ. ಒಂದು ದೀಪವೂ ಉರಿಯದಿದ್ದರೆ ಕರೆಂಟಿನ ದಾರಿಯಲ್ಲಿ ಪೆಟ್ಟು ಬಿದ್ದಿದೆ ಎಂದು ಅರ್ಥ. ಆಗ ಮೊದಲು ಅಡಾಪ್ಟರನ್ನು ಅನುಮಾನಿಸಬೇಕು. ಎಷ್ಟೋ ಸಲ ಅಡಾಪ್ಟರ್ ಮಾತ್ರ ಸತ್ತು ರೂಟರ್ ಬದುಕಿರುತ್ತದೆ. ಹಳೆಯದರ ಮೇಲೆ 12V 1A ಎಂದಿದ್ದರೆ, ವೋಲ್ಟ್ ಅಷ್ಟೇ ಇರುವ, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರುವ, ಪಿನ್ನಿನ ಗಾತ್ರವೂ ಪ್ಲಸ್-ಮೈನಸ್ ಗುರುತೂ ಹೊಂದುವ ಇನ್ನೊಂದು ಅಡಾಪ್ಟರ್ ಹಾಕಿ ನೋಡಬೇಕು. LOS ಕೆಂಪಗೆ ಮಿನುಗುತ್ತಿದ್ದರೆ ಫೈಬರ್ ಎಲ್ಲೋ ತುಂಡಾಗಿದೆ ಅಥವಾ ಮಡಚಿದೆ. ಅದು ಕಂಪನಿಯವರ ಕೆಲಸ, ರೂಟರ್ ಕೆಟ್ಟಿಲ್ಲ. POWER, PON ಎರಡೂ ಹಸಿರಾಗಿ ನಿಂತಿವೆ, ಆದರೆ ಚೆನ್ನಾಗಿರುವ ಗಿಡ್ಡ ಕೇಬಲ್ ಒಂದನ್ನು ಚುಚ್ಚಿದರೂ LAN ದೀಪ ಹೊತ್ತುವುದಿಲ್ಲ ಎಂದಾದರೆ ಲ್ಯಾನ್ ಪೋರ್ಟು ಸುಟ್ಟಿದೆ. ನಾಲ್ಕೂ ಪೋರ್ಟುಗಳಲ್ಲಿ ಹೀಗೆ ಒಂದೊಂದಾಗಿ ನೋಡಬೇಕು.

ಮಾವನ ಮನೆಯಲ್ಲಿ ನಾಲ್ಕೂ ಸತ್ತಿದ್ದವು. ಕ್ಯಾಮೆರಾದ ಕೇಬಲ್ ಇದ್ದದ್ದು ಒಂದೇ ಪೋರ್ಟಿನಲ್ಲಿ. ಹಾಗಾದರೆ ಉಳಿದವು ಯಾಕೆ? ಒಳಗೆ ನಾಲ್ಕಕ್ಕೂ ಸೇರಿ ಸಾಮಾನ್ಯವಾಗಿ ಒಂದೇ ಚಿಪ್ ಇರುತ್ತದೆ. ಒಂದು ಬಾಗಿಲಿನಿಂದ ಬಂದ ಪೆಟ್ಟು ಆ ಚಿಪ್ಪಿಗೆ ತಾಗಿದರೆ ನಾಲ್ಕೂ ಬಾಗಿಲು ಮುಚ್ಚುತ್ತವೆ. ಸೊಸೆಯ ಲ್ಯಾಪ್‌ಟಾಪ್ ಉಳಿದದ್ದು ಹಿಂದಿನ ಸಂಜೆ ಅವರು ಅದನ್ನು ಬಿಚ್ಚಿ ಜಗಲಿಗೆ ತಂದಿದ್ದರಿಂದ. ಚುಚ್ಚಿಯೇ ಇದ್ದಿದ್ದರೆ ಅದಕ್ಕೂ ಅದೇ ಗತಿ ಆಗಬಹುದಿತ್ತು. ಕಂಪನಿಯ ಲ್ಯಾಪ್‌ಟಾಪ್ ಬೇರೆ.

ಅಂದರೆ ಪೆಟ್ಟು ಬಂದದ್ದು ಕರೆಂಟಿನ ಕಡೆಯಿಂದ ಅಲ್ಲ. ಹಾಗೆ ಬಂದಿದ್ದರೆ ಅಡಾಪ್ಟರ್ ಮೊದಲು ಹೋಗಬೇಕಿತ್ತು. ಬಂದದ್ದು ಅಂಗಳದ ಮೇಲೆ ಹಾದುಹೋದ ಆ ಲ್ಯಾನ್ ಕೇಬಲ್ಲಿನಿಂದ. ಸ್ಪೈಕ್ ಬಸ್ಟರ್ ಮುಂಬಾಗಿಲು ಕಾಯುತ್ತಿತ್ತು, ಸಿಡಿಲು ಹಿತ್ತಿಲ ಬಾಗಿಲಿನಿಂದ ಬಂತು.

ಸಿಡಿಲು ಎಲ್ಲೋ ದೂರದಲ್ಲಿ ಬಿದ್ದರೆ ನಮ್ಮ ಕೇಬಲ್ಲಿಗೆ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಎರಡು ರೀತಿಯ ಸಂಬಂಧ ಇದೆ. ಸಿಡಿಲಿನಲ್ಲಿ ಹತ್ತಾರು ಸಾವಿರ ಆಂಪಿಯರ್ ವಿದ್ಯುತ್ತು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಹರಿದು ನಿಲ್ಲುತ್ತದೆ. ಅಷ್ಟು ದೊಡ್ಡದು ಅಷ್ಟು ಬೇಗ ಬದಲಾದಾಗ ನೂರಾರು ಮೀಟರ್ ದೂರದಲ್ಲಿರುವ ಉದ್ದದ ತಂತಿಯಲ್ಲೂ ವೋಲ್ಟೇಜ್ ಹುಟ್ಟುತ್ತದೆ, ಯಾವುದೂ ಮುಟ್ಟಬೇಕೆಂದಿಲ್ಲ. ತಂತಿ ಉದ್ದವಾದಷ್ಟೂ, ಬಯಲಿನಲ್ಲಿ ಇದ್ದಷ್ಟೂ ಅದು ಹೆಚ್ಚು. ಕೋಣೆಯೊಳಗಿನ ಎರಡು ಮೀಟರ್ ಕೇಬಲ್ಲಿಗೆ ಅಷ್ಟು ಹೆದರಬೇಕಿಲ್ಲ, ಅಂಗಳದ ನಲವತ್ತೈದು ಮೀಟರಿಗೆ ಹೆದರಬೇಕು.

ಎರಡನೆಯದು ನೆಲದ್ದು. ಸಿಡಿಲು ನೆಲಕ್ಕೆ ಇಳಿದ ಜಾಗದಿಂದ ಸುತ್ತಲೂ ಹರಡುವಾಗ ಹತ್ತಿರದ ನೆಲದ ವೋಲ್ಟೇಜ್ ಏರುತ್ತದೆ, ದೂರ ಹೋದಂತೆ ಕಡಿಮೆ. ದನಗಳ ಮುಂಗಾಲಿಗೂ ಹಿಂಗಾಲಿಗೂ ನಡುವೆ ಆ ವ್ಯತ್ಯಾಸ ಸಿಕ್ಕಿಯೇ ಅವು ಮರದಡಿ ಸಾಯುವುದು. ಮಾವನ ಕೊಟ್ಟಿಗೆಯಲ್ಲಿ ಕ್ಯಾಮೆರಾ ಕೂತಿದ್ದು ಕಬ್ಬಿಣದ ಕಂಬಕ್ಕೆ, ಕಂಬ ತಾಗಿದ್ದು ತಗಡಿನ ಮಾಡಿಗೆ. ಕೊಟ್ಟಿಗೆಯ ಮೋಟರಿಗೆ ಬೇರೆ ಅರ್ಥಿಂಗ್, ಮನೆಗೆ ಬೇರೆ ಅರ್ಥಿಂಗ್. ಎರಡು ಕಡೆಯ ನೆಲದ ನಡುವೆ ಆ ಕ್ಷಣದಲ್ಲಿ ಸಾವಿರಾರು ವೋಲ್ಟ್ ವ್ಯತ್ಯಾಸ ಬಂದರೆ, ಅವನ್ನು ಜೋಡಿಸಿದ ತೆಳುವಾದ ತಾಮ್ರದ ಸೇತುವೆ ಎಂದರೆ ಆ ಲ್ಯಾನ್ ಕೇಬಲ್ಲು. ಲ್ಯಾನ್ ಪೋರ್ಟಿನ ಒಳಗೆ ತಡೆಗೋಡೆಯಂತೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಅವು 1500 ವೋಲ್ಟ್ ತಡೆಯಬೇಕು ಎಂಬುದು ನಿಯಮ. ಅದಕ್ಕಿಂತ ಮೇಲೆ ಬಂದರೆ ಕಿಡಿ ಗೋಡೆ ಹಾರುತ್ತದೆ.

ಸ್ಪೈಕ್ ಬಸ್ಟರಿನ ಬಗ್ಗೆ ಇಲ್ಲೇ ಒಂದು ಮಾತು. ಅದರೊಳಗೆ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದಾದ, ಬಿಲ್ಲೆಯಂಥ ಒಂದೆರಡು ಭಾಗಗಳಿರುತ್ತವೆ. ವೋಲ್ಟೇಜ್ ಮಿತಿ ಮೀರಿದಾಗ ಅವು ಹೆಚ್ಚಿನದನ್ನು ಪಕ್ಕಕ್ಕೆ, ಅರ್ಥಿಂಗಿಗೆ ತಿರುಗಿಸುತ್ತವೆ. ಅರ್ಥಿಂಗೇ ಇಲ್ಲದ ಮನೆಯಲ್ಲಿ ತಿರುಗಿಸುವುದು ಎಲ್ಲಿಗೆ? ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗಿನ ಮೇಲಿನ ದೊಡ್ಡ ತೂತಿಗೆ ತಂತಿಯೇ ಇರುವುದಿಲ್ಲ, ಇದ್ದರೂ ಹಿತ್ತಿಲಿನ ಅರ್ಥ್ ಪೈಪಿಗೆ ಹೋಗುವ ತಂತಿ ತುಕ್ಕು ಹಿಡಿದು ಕಳಚಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥ್ ಟೆಸ್ಟರಿನಲ್ಲಿ ಅಳೆಸಿ, 5 ಓಮಿನ ಒಳಗೆ ಬಂದರೆ ಒಳ್ಳೆಯದು. ಇದನ್ನು ಬಲ್ಬು ಹಿಡಿದು ನಾವೇ ಪರೀಕ್ಷೆ ಮಾಡಲು ಹೋಗಬಾರದು. ಇನ್ನು, ಆ ಬಿಲ್ಲೆಗಳು ಪ್ರತಿ ಪೆಟ್ಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತವೆ. ಐದು ವರ್ಷ ಹಳೆಯ ಸ್ಪೈಕ್ ಬಸ್ಟರಿನ ಕೆಂಪು ದೀಪ ಉರಿಯುತ್ತಿದೆ ಎಂದರೆ ಕರೆಂಟ್ ಇದೆ ಎಂದಷ್ಟೇ ಅರ್ಥ, ಕಾಯುತ್ತಿದೆ ಎಂದಲ್ಲ.

ಸ್ವಿಚ್ ಆಫ್ ಮಾಡಿದರೆ ಸಾಲದೇ? ಸಾಲದು. ಸ್ವಿಚ್ಚಿನ ಒಳಗಿನ ಅಂತರ ಕೆಲವೇ ಮಿಲಿಮೀಟರ್. ಮೋಡದಿಂದ ನೆಲದವರೆಗೆ ಗಾಳಿಯನ್ನು ಸೀಳಿಕೊಂಡು ಬಂದದ್ದಕ್ಕೆ ಅದು ಲೆಕ್ಕವೇ ಅಲ್ಲ. ಪ್ಲಗ್ ಕಿತ್ತು ದೂರ ಇಡಬೇಕು. ಇನ್ವರ್ಟರ್ ಇದ್ದ ಮನೆಯವರೂ ತಪ್ಪು ತಿಳಿಯುತ್ತಾರೆ. ಇನ್ವರ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುವಾಗ ಅದೂ ಲೈನಿಗೆ ಅಂಟಿಕೊಂಡೇ ಇರುತ್ತದೆ.

ಹಾಗಾದರೆ ಗುಡುಗು ಶುರುವಾದಾಗಲೆಲ್ಲ ಇಂಟರ್ನೆಟ್ ಬಿಟ್ಟು ಕೂರಬೇಕೇ? ಸೊಸೆಯ ಪ್ರಶ್ನೆ ಇದೇ ಆಗಿತ್ತು. ಸಂಜೆ ನಾಲ್ಕರಿಂದ ಆರು ಅವರಿಗೆ ಮೀಟಿಂಗು, ಮೇ ತಿಂಗಳ ಗುಡುಗಿಗೂ ಅದೇ ಹೊತ್ತು. ಇದಕ್ಕೆ ಸಿಕ್ಕಿದ ಉಪಾಯ ನಮಗೆ ಬಹಳ ಹಿಡಿಸಿತು. ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ಇದೆ, ಪುಸ್ತಕದಷ್ಟು ದೊಡ್ಡದು, ಒಳಗೆ ಬ್ಯಾಟರಿ, ಹೊರಗೆ 12 ವೋಲ್ಟ್. ರೂಟರನ್ನು ಅದಕ್ಕೆ ಹಾಕಿ, ಗುಡುಗು ಹತ್ತಿರ ಬರುವ ಮೊದಲೇ ಯುಪಿಎಸ್ಸಿನ ಪ್ಲಗ್ಗನ್ನು ಗೋಡೆಯಿಂದ ಕೀಳುವುದು. ಲ್ಯಾನ್ ಕೇಬಲ್ಲುಗಳನ್ನೂ ರೂಟರಿನಿಂದ ಕೀಳುವುದು. ಈಗ ರೂಟರಿಗೆ ತಾಗಿರುವುದು ಒಂದು ಬ್ಯಾಟರಿ, ಒಂದು ಗಾಜಿನ ಎಳೆ ಮಾತ್ರ. ಗಾಜಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಬ್ಯಾಟರಿ ಚೆನ್ನಾಗಿದ್ದರೆ ಎರಡು-ಮೂರು ಗಂಟೆ ವೈಫೈ ನಡೆಯುತ್ತದೆ. ಆ ಹೊತ್ತು ಸೊಸೆ ಜಗಲಿಗೆ ಬಂದು, ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಕಿತ್ತು, ಮೀಟಿಂಗ್ ಮುಗಿಸುತ್ತಾರೆ.

ಫೈಬರಿನಲ್ಲೂ ಒಂದು ಗುಟ್ಟು ಇದೆ. ಕಂಬದಿಂದ ಮನೆಗೆ ಬರುವ ಕಪ್ಪು ಚಪ್ಪಟೆ ಕೇಬಲ್ಲಿನಲ್ಲಿ ಗಾಜಿನ ಎಳೆಯ ಜೊತೆ, ಜೋತು ನಿಲ್ಲಲೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಸೂರಿನ ಕೊಕ್ಕೆಯಲ್ಲೇ ಕಟ್ಟಿ ಕತ್ತರಿಸಬೇಕು. ಕೆಲವು ಕಡೆ ಲೈನ್ ಹುಡುಗರು ಆತುರದಲ್ಲಿ ಉಕ್ಕಿನ ತಂತಿಯ ಸಮೇತ ಒಳಗೆ ತಂದು ರೂಟರಿನ ಪಕ್ಕ ಸುರುಳಿ ಸುತ್ತಿ ಬಿಟ್ಟಿರುತ್ತಾರೆ. ನಿಮ್ಮ ಮನೆಯಲ್ಲಿ ಹೇಗಿದೆ, ಒಮ್ಮೆ ನೋಡಿ. ಹಾಗೆಯೇ ರೂಟರಿನ TEL ಎಂಬ ತೂತಿನಿಂದ ಫೋನಿಗೆ ಉದ್ದದ ತಂತಿ ಎಳೆದಿದ್ದರೆ ಅದೂ ಹಿತ್ತಿಲ ಬಾಗಿಲೇ.

ಇದೆಲ್ಲ ಗುಡುಗುವ ಮೊದಲು ಮಾಡುವ ಕೆಲಸ. ತಲೆ ಮೇಲೆ ಗುಡುಗುವಾಗ ತಂತಿ ಮುಟ್ಟಬೇಡಿ, ರೂಟರ್ ಹೋದರೆ ಹೋಗಲಿ. ಮಿಂಚು ಕಂಡಮೇಲೆ ಎಣಿಸಿ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದು ಅರ್ಥ, ಆಗ ಕೀಳುವ ಹೊತ್ತು ಮೀರಿತು. ಪುಣೆಯ ಹವಾಮಾನ ಸಂಸ್ಥೆಯವರ 'ದಾಮಿನಿ', ನಮ್ಮ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದವರ 'ಸಿಡಿಲು' ಎಂಬ ಆ್ಯಪ್‌ಗಳು ಹತ್ತಿರ ಸಿಡಿಲು ಇದ್ದರೆ ತಿಳಿಸುತ್ತವೆ. ಮೋಡ ಕಪ್ಪಾದಾಗ ಒಮ್ಮೆ ನೋಡಿಕೊಂಡರೆ ಕೀಳಲು ಸಮಯ ಸಿಗುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದಮೇಲೆ ಮತ್ತೆ ಚುಚ್ಚಬಹುದು.

ಕೊಟ್ಟಿಗೆಯ ಕ್ಯಾಮೆರಾಕ್ಕೆ ಬೇರೆ ದಾರಿ ಮಾಡಬೇಕಾಯಿತು. ದಿನಾ ಸಂಜೆ ಕಿತ್ತಿಟ್ಟರೆ ಕ್ಯಾಮೆರಾ ಯಾಕೆ ಬೇಕು? ಅಂಗಳದ ತಾಮ್ರವನ್ನೇ ತೆಗೆದು ಅಲ್ಲೂ ಗಾಜು ಹಾಕಿದೆವು. ಕೇಬಲ್ ಟಿವಿಯವರ ಹತ್ತಿರ ಅರವತ್ತು ಮೀಟರ್ ಫೈಬರ್ ಸಿಕ್ಕಿತು, ಎರಡೂ ತುದಿಗೆ ಕನೆಕ್ಟರನ್ನು ಅವರೇ ಹಾಕಿಕೊಟ್ಟರು. ಎರಡು ಕಡೆ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಡಬ್ಬಿ. ಅದು ಒಂದು ಕಡೆ ಲ್ಯಾನ್, ಇನ್ನೊಂದು ಕಡೆ ಫೈಬರ್ ತೆಗೆದುಕೊಳ್ಳುತ್ತದೆ. ಒಂದೇ ಎಳೆಯಲ್ಲಿ ನಡೆಯುವಂಥದ್ದಾದರೆ A ಮತ್ತು B ಎಂದು ಜೋಡಿಯಾಗಿಯೇ ಕೊಳ್ಳಬೇಕು, ಎರಡೂ A ಆದರೆ ಒಂದಕ್ಕೊಂದು ಮಾತಾಡುವುದಿಲ್ಲ. ಉಕ್ಕಿನ ತಂತಿಯನ್ನು ಎರಡೂ ಕಡೆ ಗೋಡೆಯ ಹೊರಗೇ ಕತ್ತರಿಸಿದೆವು. ಕ್ಯಾಮೆರಾಕ್ಕೆ ಕರೆಂಟನ್ನು ಕೊಟ್ಟಿಗೆಯಲ್ಲೇ ಕೊಟ್ಟಾಯಿತು. ಖರ್ಚು ಒಂದು ಹೊಸ ರೂಟರಿನ ಆಸುಪಾಸು. ಸಿಡಿಲು ಬಂದರೆ ಕೊಟ್ಟಿಗೆಯ ಡಬ್ಬಿ ಹೋಗಬಹುದು, ಅದನ್ನು ತಡೆದೆವು ಎಂದು ನಾವು ಹೇಳುವುದಿಲ್ಲ. ಆದರೆ ಅಲ್ಲಿಂದ ಮನೆಯ ರೂಟರಿಗೆ ದಾರಿ ಇಲ್ಲ.

ಸುಟ್ಟ ರೂಟರನ್ನು ಮಾವ ಎಸೆಯಲು ಹೊರಟಿದ್ದರು. ವೈಫೈ ನಡೆಯುತ್ತಿದ್ದ ಕಾರಣ ಹೊಸದು ಬರುವ ತನಕ ಅದರಿಂದಲೇ ಕೆಲಸ ನಡೆಯಿತು. ಲ್ಯಾನ್ ತೂತಿರುವ ವೈಫೈ ರಿಪೀಟರ್ ಒಂದನ್ನು ಕೋಣೆಯ ಬಾಗಿಲ ಹತ್ತಿರ ಇಟ್ಟು, ಅದರಿಂದ ಲ್ಯಾಪ್‌ಟಾಪಿಗೆ ಗಿಡ್ಡ ಕೇಬಲ್. ಪೋರ್ಟು ಮಾತ್ರ ಸತ್ತ ರೂಟರಿಗೆ ಇಷ್ಟು ಬದುಕು ಉಳಿದಿರುತ್ತದೆ.

ಆ ಹಳೆಯ ಕೇಬಲ್ಲನ್ನು ಇಳಿಸಿದಾಗ ಎರಡನೇ ಕಾಯಿಲೆಯೂ ಕಣ್ಣಿಗೆ ಬಿತ್ತು. ಕ್ಯಾಮೆರಾದ ಕಡೆಯ ಜಾಕಿನಲ್ಲಿ ಎಂಟು ಪಿನ್ನುಗಳಿರಬೇಕಾದ ಜಾಗದಲ್ಲಿ ದೇವರ ಮನೆಯ ಹಳೆಯ ತಂಬಿಗೆಯ ಅಂಚಿನಂತೆ ಹಸಿರು ಕಿಲುಬು. ಜುಲೈ ತಿಂಗಳಲ್ಲಿ ಕ್ಯಾಮೆರಾ ಆಗಾಗ ಮಾಯವಾಗುತ್ತಿತ್ತಂತೆ, ಬಿಸಿಲು ಬಿದ್ದರೆ ಬರುತ್ತಿತ್ತಂತೆ. "ನೆಟ್‌ವರ್ಕ್ ಸಮಸ್ಯೆ" ಎಂದು ಮಾವ ಸುಮ್ಮನಿದ್ದರು.

ಬಿಸಿಲಿಗೆ ತಾನಾಗಿ ಸರಿಯಾಗುವ ಯಾವುದನ್ನೇ ಆದರೂ ಮೊದಲು ಜಾಕಿನಲ್ಲಿ ಹುಡುಕಿ. ಲ್ಯಾನ್ ಜಾಕಿನ ಪಿನ್ನುಗಳಿಗೆ ಚಿನ್ನದ ಲೇಪ ಇರುತ್ತದೆ. ಅಗ್ಗದ ಜಾಕಿನಲ್ಲಿ ಅದು ಹೆಸರಿಗೆ ಮಾತ್ರ, ಹತ್ತು ಸಲ ಚುಚ್ಚಿ ತೆಗೆದರೆ ಸವೆಯುತ್ತದೆ, ಕೆಳಗಿನ ಲೋಹ ತೇವಕ್ಕೆ ತೆರೆದುಕೊಳ್ಳುತ್ತದೆ. ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ ಕ್ಯಾಮೆರಾ ಆದರೆ ಇನ್ನೂ ಬೇಗ. ಅದರಲ್ಲಿ 48 ವೋಲ್ಟಿನಷ್ಟು ಡಿಸಿ ಯಾವಾಗಲೂ ಇರುತ್ತದೆ. ಪಿನ್ನುಗಳ ನಡುವೆ ಒಂದು ಹನಿ ನೀರು ಕೂತರೆ ಬ್ಯಾಟರಿಯ ತುದಿ ಕೊಳೆಯುವ ಹಾಗೆ ಒಂದು ಕಡೆಯ ಪಿನ್ನು ಕರಗುತ್ತಾ ಹೋಗುತ್ತದೆ. ಒಂದೇ ಮಳೆಗಾಲದಲ್ಲಿ ಪಿನ್ನು ತಿಂದುಹೋದ ಜಾಕುಗಳನ್ನು ನೋಡಿದ್ದೇವೆ.

ಪೂರ್ತಿ ನಿಲ್ಲುವ ಮೊದಲು ಒಂದು ಸೂಚನೆ ಸಿಗುತ್ತದೆ. ಕೇಬಲ್ಲಿನ ಒಳಗೆ ಎಂಟು ತಂತಿ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, 100ರ ವೇಗಕ್ಕೆ ನಾಲ್ಕು ಸಾಕು. ಒಂದೆರಡು ಪಿನ್ನಿಗೆ ಕಿಲುಬು ಹಿಡಿದರೆ ಎರಡೂ ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ನಮ್ಮ ಪ್ಲಾನೇ 50 ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ವಿಂಡೋಸ್ ಕಂಪ್ಯೂಟರಿನಲ್ಲಿ Settings ತೆರೆದು Network & internet, ಅದರೊಳಗೆ Ethernet ಒತ್ತಿದರೆ Link speed ಎಂದು ಕಾಣುತ್ತದೆ. ಮೊದಲು 1000/1000 ಇದ್ದದ್ದು ಈಗ 100/100 ಎಂದು ತೋರಿಸಿದರೆ ಜಾಕು ಅಥವಾ ಕೇಬಲ್ ಕೆಡುತ್ತಿದೆ. ರೂಟರಿನ ಪೋರ್ಟೇ 100ರದ್ದಾದರೆ ಈ ಪರೀಕ್ಷೆ ನಡೆಯದು. ಆಗ LAN ದೀಪ ಮಳೆಯಲ್ಲಿ ಆರಿ ಹೊತ್ತುವುದನ್ನೇ ಗಮನಿಸಬೇಕು.

ಕಿಲುಬು ಸ್ವಲ್ಪವೇ ಇದ್ದರೆ, ಕರೆಂಟ್ ಕಿತ್ತು, ಮೊಬೈಲ್ ರಿಪೇರಿಯವರು ಬಳಸುವ ಐಪಿಎ ದ್ರಾವಣವನ್ನು ಹಳೆಯ ಮೆತ್ತನೆಯ ಟೂತ್‌ಬ್ರಷ್ಷಿಗೆ ಹಚ್ಚಿ ಉಜ್ಜಿ, ಪೂರ್ತಿ ಒಣಗಿಸಿ ಚುಚ್ಚಬಹುದು. ಸೀಮೆಎಣ್ಣೆ, ಪೆಟ್ರೋಲು ಬೇಡ. ಮರಳು ಕಾಗದ ಅಂತೂ ಬೇಡವೇ ಬೇಡ, ಉಳಿದ ಲೇಪವನ್ನೂ ಅದು ಕೆರೆದು ತೆಗೆಯುತ್ತದೆ. ರೂಟರಿನ ಪೋರ್ಟಿನ ಒಳಗಿನ ಪಿನ್ನುಗಳು ಕೂದಲಿನಷ್ಟು ತೆಳು, ಅವನ್ನು ಗುಂಡುಸೂಜಿಯಿಂದ ಕೆದಕಬಾರದು. ಪೋರ್ಟಿನಲ್ಲೇ ಕಿಲುಬು ಕಂಡರೆ ಖಾಲಿ ಇರುವ ಬೇರೆ ಪೋರ್ಟಿಗೆ ಬದಲಿಸುವುದು ಒಳ್ಳೆಯದು.

ಕಿಲುಬು ಹೆಚ್ಚಿದ್ದರೆ ಜಾಕನ್ನೇ ಕತ್ತರಿಸಿ ಹೊಸದು ಹಾಕಬೇಕು. ಕ್ರಿಂಪ್ ಮಾಡುವ ಇಕ್ಕಳ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಊರಿಗೊಂದು ಇದ್ದರೆ ಸಾಕು. ಕತ್ತರಿಸಿದಾಗ ಒಳಗಿನ ತಾಮ್ರ ಕಪ್ಪಾಗಿದ್ದರೆ ನೀರು ಒಳಗೆ ಹೋಗಿದೆ. ಹೊಳೆಯುವ ತಾಮ್ರ ಸಿಗುವವರೆಗೆ ಗೇಣು ಗೇಣಾಗಿ ಕತ್ತರಿಸುತ್ತಾ ಹೋಗಿ. ನಾಲ್ಕು ಗೇಣು ಕತ್ತರಿಸಿದರೂ ಕಪ್ಪೇ ಇದ್ದರೆ ಆ ಕೇಬಲ್ಲು ಹಂದರಕ್ಕೆ ಕಟ್ಟಲು ಮಾತ್ರ. ಜಾಕಿನ ಕೊಕ್ಕೆಯನ್ನು ಕೆಳಗೆ ಮಾಡಿ ಹಿಡಿದರೆ ಎಡದಿಂದ ತಂತಿಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಹೊರಗಿನ ಹೊದಿಕೆಯೂ ಜಾಕಿನ ಒಳಗೆ ಸ್ವಲ್ಪ ಹೋಗಿ ಕಚ್ಚಿಕೊಳ್ಳುವಂತೆ ಒತ್ತಬೇಕು, ಇಲ್ಲವಾದರೆ ಎಳೆತ ತಂತಿಗಳ ಮೇಲೆ ಬಿದ್ದು ತೇವಕ್ಕೆ ಬಾಯಿ ತೆರೆಯುತ್ತದೆ.

ಕೇಬಲ್ ಕೊಳ್ಳುವಾಗಲೇ ಅರ್ಧ ಗೆಲುವು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್ಲುಗಳಲ್ಲಿ ಇರುವುದು ತಾಮ್ರ ಸವರಿದ ಅಲ್ಯೂಮಿನಿಯಂ. ಒಂದು ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಅದೇ. ಎರಡು ಲೋಹ ಒಟ್ಟಿಗೆ ಇರುವ ಕಡೆ ನೀರು ತಾಗಿದರೆ ಅಲ್ಯೂಮಿನಿಯಂ ಬೇಗ ಬಿಳಿ ಪುಡಿಯಾಗುತ್ತದೆ. ಮನೆಯೊಳಗಿನ ಬೂದು ಬಣ್ಣದ ಕೇಬಲ್ಲನ್ನು ಹೊರಗೆ ಎಳೆದರೂ ಅಷ್ಟೇ. ಬೇಸಿಗೆಯ ಬಿಸಿಲಿಗೆ ಹೊದಿಕೆ ಸೀಳುತ್ತದೆ, ಮಳೆಗಾಲದಲ್ಲಿ ಆ ಸೀಳಿನಿಂದ ಹೋದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಹತ್ತುವಂತೆ ತಂತಿಗಳ ಸಂದಿಯಲ್ಲೇ ಮೀಟರುಗಟ್ಟಲೆ ಸಾಗುತ್ತದೆ. ಗೋಡೆಯೊಳಗಿನ ರೂಟರಿನ ಪೋರ್ಟಿನಲ್ಲಿ ನೀರು ಕಂಡು ಮಾಡು ಸೋರುತ್ತಿದೆ ಎಂದು ಹಂಚು ಬದಲಿಸಿದವರು ಇದ್ದಾರೆ. ಹೊರಗೆ ಬೇಕಾದ್ದು ಕಪ್ಪು ಹೊದಿಕೆಯ, ಒಳಗೆ ಜಿಡ್ಡಿನಂಥ ಜೆಲ್ ತುಂಬಿದ ಶುದ್ಧ ತಾಮ್ರದ ಕೇಬಲ್ಲು.

ಹಾಕುವ ಕ್ರಮದಲ್ಲಿ ಎರಡೇ ವಿಷಯ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ತೂತಿಗಿಂತ ಒಂದು ಗೇಣು ಕೆಳಗೆ ಜೋತು ಬಿದ್ದು ಮತ್ತೆ ಮೇಲೇರಬೇಕು, ಆಗ ಅದರ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ತೂತೂ ಹೊರಗಡೆಗೆ ಇಳಿಜಾರಾಗಿರಲಿ. ಹೊರಗಿನ ಜಾಕಿಗೆ ಸಿಲಿಕೋನ್ ಗ್ರೀಸ್ ಸ್ವಲ್ಪ ಸವರಿ ಚುಚ್ಚಿ, ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹಂಚು ಹೊದೆಸಿದಂತೆ ಒಂದರ ಮೇಲೊಂದು ಬರುವ ಹಾಗೆ ಸುತ್ತಿ. ಮಾಮೂಲಿ ಕಪ್ಪು ಟೇಪು ಒಂದು ಮಳೆಗಾಲ ತಡೆದರೆ ಹೆಚ್ಚು. ಪ್ಲಾಸ್ಟಿಕ್ ಕವರ್ ಕಟ್ಟುವುದು ಅದಕ್ಕಿಂತ ಕೆಡುಕು, ಒಳಗೆ ಬೆವರಿ ನೀರು ನಿಲ್ಲುತ್ತದೆ.

ಇನ್ನು ರೂಟರ್ ಇಡುವ ಜಾಗ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವವರಿದ್ದಾರೆ. ಅಲ್ಲಿನ ಹೊಗೆಯ ಮಸಿ ಒಳಗೆ ಕೂತು, ಮೇಲೆ ತೇವ ಸೇರಿದರೆ ವಿದ್ಯುತ್ತು ಹರಿಯುವ ಪದರವೇ ಆಗುತ್ತದೆ. ಮಳೆಗಾಲದಲ್ಲಿ ಬೆವರುವ ಜಂಬಿಟ್ಟಿಗೆ ಗೋಡೆಗೂ ನೇರ ತಾಗಿಸಬೇಡಿ, ನಡುವೆ ಒಂದು ಹಲಗೆ ತುಂಡು ಕೊಟ್ಟು ಗಾಳಿಯಾಡಲು ಬಿಡಿ. ಖಾಲಿ ಪೋರ್ಟುಗಳಿಗೆ ರಬ್ಬರ್ ಮುಚ್ಚಳ ಸಿಗುತ್ತದೆ, ಇರುವೆ ಗೂಡು ಕಟ್ಟುವುದೂ ತಪ್ಪುತ್ತದೆ.

ಒಂದು ವಿಚಿತ್ರ ಏನೆಂದರೆ, ಸಿಡಿಲಿಗೆ ಹೇಳಿದ ಮದ್ದು ತೇವಕ್ಕೆ ವಿರುದ್ಧ. ನಮ್ಮ ಕಡೆ ಆರಿದ್ರೆಯಿಂದ ಆಶ್ಲೇಷದವರೆಗೆ ಮಳೆ ಬಿಡದೆ ಸುರಿಯುತ್ತದೆ, ಗುಡುಗು ಕಡಿಮೆ. ಆ ದಿನಗಳಲ್ಲಿ ರೂಟರನ್ನು ಹಗಲು ರಾತ್ರಿ ಹಾಕಿಯೇ ಇಡುವುದು ಒಳ್ಳೆಯದು. ಅದು ತಿನ್ನುವ ಐದು-ಹತ್ತು ವ್ಯಾಟಿನ ಬಿಸಿಯೇ ಒಳಗೆ ತೇವ ಕೂರದಂತೆ ಕಾಯುತ್ತದೆ. ರಾತ್ರಿ ಆಫ್ ಮಾಡಿ ತಣ್ಣಗಾದರೆ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ಥಂಡಿ. ಮೂರು-ನಾಲ್ಕು ದಿನ ಕರೆಂಟ್ ಹೋಗಿ ಬಂದರೆ ತಕ್ಷಣ ಹಾಕದೆ, ರೂಟರನ್ನೂ ಅಡಾಪ್ಟರನ್ನೂ ಫ್ಯಾನಿನ ಕೆಳಗೆ ಒಂದೆರಡು ಗಂಟೆ ಒಣಗಲು ಬಿಟ್ಟು ಆಮೇಲೆ ಹಾಕಿ.

ಹುಬ್ಬೆ, ಉತ್ತರೆ ಕಳೆದು ಹಸ್ತದ ಮಳೆ ಶುರುವಾಗುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯ ವಾರ, ಪದ್ಧತಿ ಬದಲಿಸಬೇಕು. ಮಧ್ಯಾಹ್ನ ಬಿಸಿಲು ಸುಡುವುದು, ಸಂಜೆ ಮೂಡಣದಲ್ಲಿ ಮೋಡ ಕಟ್ಟುವುದು ಆಗಲೇ. ಮಾವನ ಮನೆಯಲ್ಲಿ ಆ ತಿಂಗಳುಗಳಲ್ಲಿ ಈಗ ಸಂಜೆ ದೀಪ ಹಚ್ಚುವ ಮೊದಲು ಯುಪಿಎಸ್ಸಿನ ಪ್ಲಗ್ಗೂ ಲ್ಯಾನ್ ಕೇಬಲ್ಲೂ ಗೋಡೆಯ ಮೊಳೆಗೆ ನೇತಾಡುತ್ತವೆ. ಆ ಮೊಳೆ ಹೊಡೆದದ್ದು ಸೊಸೆ. ಕಿತ್ತ ಕೇಬಲ್ಲಿನ ಜಾಕು ರೂಟರಿನ ಪಕ್ಕದಲ್ಲೇ ಬಿದ್ದಿರಬಾರದು, ಒಂದು ಮಾರು ದೂರ ಇರಬೇಕು ಎಂದು ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಅವರು ಅಳತೆ ಮಾಡಿಯೇ ಹೊಡೆದಿದ್ದಾರೆ.